ನೋಡುವವರು ನೂರಾರು, ಕೊಳ್ಳುವವರಿಲ್ಲ: ಇಳಕಲ್ ಸೀರೆಯ ಒಂದು ಲಿಸ್ಟಿಂಗ್

ಆನ್‌ಲೈನ್ ಮಾರಾಟದಲ್ಲಿ ವ್ಯೂಸ್ ಇದ್ದು ಆರ್ಡರ್ ಇಲ್ಲದಿದ್ದರೆ ಮೊದಲು ಗಿರಾಕಿ ಎಲ್ಲಿ ನಿಲ್ಲುತ್ತಿದ್ದಾರೆ ನೋಡಿ. ಕಾರ್ಟ್‌ಗೆ ಹಾಕಿ ಬಿಟ್ಟು ಹೋಗುತ್ತಿದ್ದರೆ ಡೆಲಿವರಿ ಚಾರ್ಜ್ ಅಥವಾ ಪೇಮೆಂಟ್ ಕಡೆ ತೊಂದರೆ ಇರಬಹುದು. ಕಾರ್ಟ್‌ಗೇ ಹಾಕುತ್ತಿಲ್ಲ ಎಂದರೆ ಫೋಟೊ, ಬೆಲೆ ನೋಡಿ ಒಳಗೆ ಬಂದವರಿಗೆ ಒಳಗಿನ ವಿವರಣೆ ಸಾಲದಿರಬಹುದು.

ಆದರೆ ಅವಸರ ಬೇಡ. ನೂರಕ್ಕೊಬ್ಬರು ಕೊಳ್ಳುವ ಸರಕೇ ಆದರೂ, 100 ವ್ಯೂಗಳಲ್ಲಿ ಒಂದೂ ಮಾರಾಟವಾಗದಿರುವ ಸಾಧ್ಯತೆ ಶೇ 37ರಷ್ಟಿದೆ. 300 ವ್ಯೂ ಆದರೂ ಸೊನ್ನೆಯೇ ಎಂದರೆ ಆ ಸಾಧ್ಯತೆ ಶೇ 5ಕ್ಕೆ ಇಳಿಯುತ್ತದೆ. ಆಗ ವಿವರಣೆಗೆ ಕೈ ಹಾಕಿ.

ಇಂಥ ಲಿಸ್ಟಿಂಗ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ. ಶೀರ್ಷಿಕೆ: ‘ಇಳಕಲ್ ಸಿಲ್ಕ್ ಸೀರೆ’. ವಿವರಣೆ: ‘ಉತ್ತಮ ಗುಣಮಟ್ಟದ ಸಾಂಪ್ರದಾಯಿಕ ಸೀರೆ, ಎಲ್ಲ ಸಮಾರಂಭಗಳಿಗೂ ಸೂಕ್ತ.’ ಒಡಲು ಹತ್ತಿ, ಸೆರಗು ಮಾತ್ರ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಎನ್ನುವುದು ಕೆಳಗೆಲ್ಲೋ ಇರುತ್ತದೆ. ರೇಷ್ಮೆ ಹುಡುಕಿ ಬಂದವರು ಅದನ್ನು ಕಂಡು ಹಿಂದಿರುಗುತ್ತಾರೆ. ಹತ್ತಿ ಸೀರೆ ಬೇಕಾದವರು ಬರುವುದೇ ಇಲ್ಲ. ಹಾಗಾಗಿ ಶೀರ್ಷಿಕೆಯಿಂದಲೇ ‘ಸಿಲ್ಕ್’ ತೆಗೆಯಬೇಕು. ವ್ಯೂ ಕಡಿಮೆಯಾಗುತ್ತದೆ, ಆಗಲಿ.

ಮುಂದೆ ಚಾಟ್‌ನ ಹಳೆಯ ಮೆಸೇಜ್‌ಗಳನ್ನೂ ರಿಟರ್ನ್ ಕಾರಣಗಳನ್ನೂ ತೆಗೆದು ಓದಿ. ‘ಬ್ಲೌಸ್ ಪೀಸ್ ಇದೆಯಾ?’ ಎಂದು ಮೂವರು ಕೇಳಿದ್ದರೆ, ಕೇಳದೆ ಹೋದವರು ಇನ್ನೆಷ್ಟೋ. ಇಳಕಲ್ ಸೀರೆಯ ವಿಷಯದಲ್ಲಿ ಇದು ದೊಡ್ಡ ಪ್ರಶ್ನೆ, ಏಕೆಂದರೆ ಆ ಸೀರೆಯ ಜೊತೆ ಖಣದ ಕುಪ್ಪಸ ಬೇರೆಯೇ ಕೊಳ್ಳುವ ರೂಢಿ ಇದೆ, ಹೊರಗಿನವರಿಗೆ ಅದು ತಿಳಿಯದು. ಹೇಳಬೇಕಾದ ಇನ್ನೊಂದು ವಿಷಯ ಕೊಂಡಿ ನೇಯ್ಗೆ. ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸು ಎಳೆಗಳಿಗೆ ಕುಣಿಕೆ ಹಾಕಿ ಸೇರಿಸಿದ ಆ ಗೆರೆ ಜೂಮ್ ಮಾಡಿದಾಗ ಹೊಲಿಗೆಯಂತೆ, ತುಂಡು ಸೇರಿಸಿದಂತೆ ಕಾಣುತ್ತದೆ. ಕೈಮಗ್ಗದ ಈ ಹೆಮ್ಮೆಯ ಗುರುತನ್ನು ಹೆಸರಿಟ್ಟು ಹೇಳದಿದ್ದರೆ ಗಿರಾಕಿ ಅದನ್ನೇ ದೋಷವೆಂದು ತಿಳಿಯುತ್ತಾರೆ.

ಮೊಬೈಲ್‌ನಲ್ಲಿ ಬಹುಮಟ್ಟಿಗೆ ಮೊದಲ ಎರಡು-ಮೂರು ಸಾಲುಗಳಷ್ಟೇ ಕಣ್ಣಿಗೆ ಬೀಳುತ್ತವೆ. ಹೊಗಳಿಕೆ ತೆಗೆದು, ಅಲ್ಲಿ ಇದನ್ನು ಬರೆಯಿರಿ:

‘ಕೈಮಗ್ಗದ ಇಳಕಲ್ ಸೀರೆ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್. ಉದ್ದ 5.5 ಮೀಟರ್, ಬ್ಲೌಸ್ ಪೀಸ್ ಇಲ್ಲ. ಒಡಲು–ಸೆರಗು ಸೇರುವಲ್ಲಿ ಕಾಣುವ ಗೆರೆ ಕೊಂಡಿ ನೇಯ್ಗೆಯದು, ಹೊಲಿಗೆಯಲ್ಲ. ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ.’

ಉದ್ದವನ್ನು ಟೇಪ್ ಹಿಡಿದು ಅಳೆದೇ ಬರೆಯಿರಿ. ಪವರ್‌ಲೂಮ್ ಆಗಿದ್ದರೆ ಪವರ್‌ಲೂಮ್ ಎಂದೇ ಹೇಳಿ.

ಬೆಲೆ, ಫೋಟೊ ಎರಡನ್ನೂ ಆಗ ಮುಟ್ಟಬೇಡಿ, ಇಲ್ಲವಾದರೆ ಯಾವುದರಿಂದ ಫಲ ಬಂತೆಂದು ಗೊತ್ತಾಗದು. ಮತ್ತೆ ಅಷ್ಟೇ 300 ವ್ಯೂ ಆಗುವವರೆಗೆ ಕಾದು ಕಾರ್ಟ್ ಸಂಖ್ಯೆ ಹೋಲಿಸಿ. ಕಾರ್ಟ್ ಏರಿ ಆರ್ಡರ್ ಏರದಿದ್ದರೆ ವಿವರಣೆಯ ಕೆಲಸ ಮುಗಿದಿದೆ, ಇನ್ನು ಡೆಲಿವರಿ ಚಾರ್ಜ್ ನೋಡಿ. ಕಾರ್ಟೂ ಏರದಿದ್ದರೆ, ಅದೇ ಬಗೆಯ ಬೇರೆ ಸೀರೆಗಳ ಪಕ್ಕದಲ್ಲಿ ನಿಮ್ಮ ಬೆಲೆ ಇಟ್ಟು ನೋಡಬೇಕು.