ಮೊದಲ ಬಿನ್ ಹುಡುಕಿ, ಅದರ ಹಿಂದೆ ನೋಡಿ

‘ಈ ಅರಬ್ಬರ ಹೆಸರಲ್ಲೆಲ್ಲ ಬಿನ್ ಬಿನ್ ಅಂತ ಇರುತ್ತಲ್ಲ, ಅದೇನು ಅವರ ಮನೆತನದ ಹೆಸರಾ? ಅಷ್ಟುದ್ದದ ಹೆಸರಲ್ಲಿ ನಿಜವಾದ ಹೆಸರು ಯಾವುದು?’

ಮನೆತನದ ಹೆಸರಲ್ಲ. ಬಿನ್ ಅಂದರೆ ಮಗ, ಅಷ್ಟೇ. ಗಲ್ಫ್‌ನಲ್ಲಿ ಆಫೀಸ್ ಕೆಲಸ ಮಾಡಿ ಬಂದವಳು ಅಂತ ಗೊತ್ತಾದ ಕೂಡಲೇ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಇದನ್ನು ಕೇಳುತ್ತಾರೆ. ಕೇಳಲಿ. ಆದರೆ ಬಿನ್ ಎಂಬುದನ್ನು ಎಂದೂ ಕೇಳಿಯೇ ಇಲ್ಲ ಅನ್ನೋ ಹಾಗೆ, ನಗುತ್ತಾ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ಊರಿನಲ್ಲಿ ಭಾವನ ಮನೆಯಲ್ಲಿ ಟಿವಿ ನೋಡುತ್ತಾ ಕೂತಿದ್ದೆವು. ಸೌದಿ ಸುದ್ದಿ ಬರುತ್ತಿತ್ತು. ಭಾವ ಜೋರಾಗಿ ನಕ್ಕು, ‘ಇವರೆಲ್ಲ ಒಂದೇ ಮನೆಯವರಾ, ಎಲ್ಲರೂ ಬಿನ್ನೇ’ ಅಂದರು. ‘ಭಾವ, ನಿಮ್ಮ ಜಮೀನಿನ ಪಹಣಿ ಎಲ್ಲಿದೆ, ತನ್ನಿ’ ಅಂದೆ. ತಂದರು. ಕಾಲಂ 9ರಲ್ಲಿ ಬೆರಳಿಟ್ಟು ಓದಿಸಿದೆ. ಅವರ ಹೆಸರು, ಆಮೇಲೆ ಬಿನ್, ಆಮೇಲೆ ಅವರ ತಂದೆಯ ಹೆಸರು. ಅದೇ ಪಹಣಿ ಹಿಡಿದುಕೊಂಡು ಸಾಲಕ್ಕೆ ಅಂತ ಎಷ್ಟು ಸಲ ಬ್ಯಾಂಕಿಗೆ ಹೋಗಿದ್ದಾರೋ! ಅದೇ ಅರಬ್ಬಿ ಬಿನ್ ನಮ್ಮ ಕಂದಾಯದ ಕಾಗದದಲ್ಲಿ, ಕ್ರಯಪತ್ರದಲ್ಲಿ ಇವತ್ತಿಗೂ ಕೂತಿದೆ. ಹಾಗಿರುವಾಗ ಇದನ್ನು ಓದಲು ಕನ್ನಡದವರಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಪಹಣಿಯಲ್ಲಿ ನಾವು ಒಂದೇ ಬಿನ್‌ಗೆ ನಿಲ್ಲಿಸುತ್ತೇವೆ. ಅವರು ಮುಂದೆ ಹೋಗುತ್ತಾರೆ: ತಾನು, ಅಪ್ಪ, ಅಜ್ಜ, ಮುತ್ತಜ್ಜ. ಕೊನೆಗೆ ಊರು ಅಥವಾ ಕುಲ. ನಮ್ಮ ಎಚ್.ಡಿ. ದೇವೇಗೌಡರ ಹೆಸರನ್ನೇ ತೆಗೆದುಕೊಳ್ಳಿ. ಹರದನಹಳ್ಳಿ ಊರು, ದೊಡ್ಡೇಗೌಡ ತಂದೆ, ಕೊನೆಗೆ ಅವರ ಹೆಸರು. ಅರಬ್ಬಿಯಲ್ಲಿ ಇದೇ ಸರಣಿ ತಿರುಗಿ ನಿಂತಿರುತ್ತದೆ.

ಹಾಗಾಗಿ ಓದುವ ದಾರಿ ಸುಲಭ. ಉದ್ದ ಹೆಸರು ಕಂಡರೆ ಮೊದಲ ಬಿನ್ ಹುಡುಕಿ. ಅದಕ್ಕಿಂತ ಸರಿಯಾಗಿ ಹಿಂದೆ ಇರುವುದೇ ಆ ಮನುಷ್ಯನ ಸ್ವಂತ ಹೆಸರು. ಇಬ್ನ್ ಅಂತ ಬರೆದಿದ್ದರೂ ಅದು ಅದೇ ಬಿನ್. ಹೆಸರಿನ ಶುರುವಿನಲ್ಲೇ ಬಂದರೆ ಇಬ್ನ್ ಅನ್ನುತ್ತಾರೆ, ಇಬ್ನ್ ಬತೂತಾ ಅನ್ನೋ ಹಾಗೆ. ಮೊರಾಕೊ, ಅಲ್ಜೀರಿಯಾ ಕಡೆ ಬೆನ್ ಆಗುತ್ತದೆ.

ಸಲಾಹುದ್ದೀನನ ಹೆಸರಿನ ಮೇಲೆ ಇದನ್ನು ಮಾಡಿ ನೋಡೋಣ. 1187ರಲ್ಲಿ ಜೆರುಸಲೇಮ್ ಗೆದ್ದವನು. ಅವನ ಹೆಸರು ಹೀಗೆ ಸಿಗುತ್ತದೆ: ಅಲ್ ಮಲಿಕ್ ಅನ್ನಾಸಿರ್ ಸಲಾಹುದ್ದೀನ್ ಅಬುಲ್ ಮುಜಫ್ಫರ್ ಯೂಸುಫ್ ಬಿನ್ ಅಯ್ಯೂಬ್. ಮೊದಲ ಬಿನ್ ಎಲ್ಲಿದೆ? ಕೊನೆಯಲ್ಲಿ. ಅದರ ಹಿಂದೆ ಯಾರು? ಯೂಸುಫ್. ಹೌದು, ಅವನ ಹೆಸರು ಯೂಸುಫ್. ತಂದೆ ಅಯ್ಯೂಬ್, ಅದಕ್ಕೇ ಅವನ ವಂಶವನ್ನು ಅಯ್ಯೂಬಿ ಅನ್ನುತ್ತಾರೆ. ಅಲ್ ಮಲಿಕ್ ಅನ್ನಾಸಿರ್ ದೊರೆಯ ಪದವಿ. ಸಲಾಹುದ್ದೀನ್ ಬಿರುದು, ಧರ್ಮದ ಒಳಿತು ಅಂತ ಅರ್ಥ. ಅಬುಲ್ ಮುಜಫ್ಫರ್ ಎಂಬುದು ‘ಇಂಥವನ ಅಪ್ಪ’ ಎಂಬ ರೀತಿಯ ಗೌರವದ ಕರೆ. ಸಾಮಾನ್ಯ ಜನರಲ್ಲಿ ಹಿರಿ ಮಗನ ಹೆಸರು ಹಿಡಿದು ಅಬು ಇಂಥವನು, ಉಮ್ಮು ಇಂಥವನು ಅಂತ ತಂದೆ ತಾಯಿಯನ್ನು ಕರೆಯುತ್ತಾರೆ. ಇವೆಲ್ಲ ಹೆಸರಿಗಿಂತ ಮುಂಚೆ ಬರುತ್ತವೆ. ಆದ್ದರಿಂದಲೇ ಮೊದಲ ಪದವನ್ನೇ ಹೆಸರು ಅಂದುಕೊಂಡವರು ಎಡವುತ್ತಾರೆ. ಶೇಖ್, ಹಾಜಿ, ಸಯ್ಯಿದ್ ಅಂತ ಮುಂದೆ ಬಂದರೂ ಅಷ್ಟೇ, ಮೊದಲು ಅವನ್ನು ದಾಟಿ.

ಎರಡು ಕಡೆ ಹುಷಾರಾಗಿರಬೇಕು. ಒಂದು, ಅಬ್ದುಲ್. ಅದು ಅರ್ಧ ಹೆಸರು. ಅಬ್ದುಲ್ ಅಜೀಜ್ ಅಂದರೆ ಅಜೀಜನ, ಅಂದರೆ ದೇವರ, ಸೇವಕ. ಬರೀ ಅಬ್ದುಲ್ ಅಂದರೆ ‘ಇಂಥವರ ಸೇವಕ’ ಅಂತ ಹೇಳಹೊರಟು ಯಾರ ಸೇವಕ ಅನ್ನೋದನ್ನೇ ನುಂಗಿದ ಹಾಗೆ. ನಮ್ಮ ಆಫೀಸಿನಲ್ಲಿ ಫಾರಂ ತುಂಬುವಾಗ ಅಬ್ದುಲ್ ಒಂದು ಖಾನೆಗೆ, ಅಜೀಜ್ ಇನ್ನೊಂದು ಖಾನೆಗೆ ಹೋಗಿ, ಒಬ್ಬನೇ ಮನುಷ್ಯನ ಎರಡು ಕಾಗದ ಒಂದಕ್ಕೊಂದು ತಾಳೆಯಾಗದೆ ವಾರಗಟ್ಟಲೆ ಅಲೆದಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಎರಡನ್ನೂ ಸೇರಿಸಿಯೇ ಓದಿ, ಸೇರಿಸಿಯೇ ಬರೆಯಿರಿ.

ಇನ್ನೊಂದು, ಕೊನೆಯ ಅಲ್. ಸೌದಿ ಯುವರಾಜನ ಹೆಸರು ಮೊಹಮ್ಮದ್ ಬಿನ್ ಸಲ್ಮಾನ್ ಬಿನ್ ಅಬ್ದುಲ್ ಅಜೀಜ್ ಆಲ್ ಸೌದ್. ಅವನು ಮೊಹಮ್ಮದ್, ಅಪ್ಪ ಈಗಿನ ದೊರೆ ಸಲ್ಮಾನ್, ಅಜ್ಜ 1932ರಲ್ಲಿ ಸೌದಿ ಅರೇಬಿಯಾ ಕಟ್ಟಿದ ಅಬ್ದುಲ್ ಅಜೀಜ್. ಕೊನೆಯ ಆಲ್‌ಗೆ ದೀರ್ಘ ಇದೆ. ಅದರ ಅರ್ಥ ವಂಶ, ಮನೆತನ. ಸೌದ್ ಎಂಬ ಹಿಂದಿನ ಹಿರಿಯನ ಮನೆತನದವನು. ಆದರೆ ಅಲ್ ಮಸ್ರಿ ಅಂದಾಗ ಬರುವ ಗಿಡ್ಡ ಅಲ್ ಬೇರೆ. ಮಸ್ರಿ ಅಂದರೆ ಈಜಿಪ್ಟಿನವನು, ಅಲ್ ಅದರ ಮುಂದೆ ಅಂಟಿದ ಪದ, ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಅರಬ್ಬಿ ಲಿಪಿಯಲ್ಲಿ ಈ ಎರಡೂ ಬೇರೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಕಲೆಸಿಹೋಗುತ್ತವೆ. ನಮ್ಮ ಲಿಪಿಯಲ್ಲಿ ದೀರ್ಘ ಕೊಟ್ಟರೆ ಸಾಕು, ವ್ಯತ್ಯಾಸ ಉಳಿಯುತ್ತದೆ. ಆದರೂ ಸುಮ್ನೆ ಎಲ್ಲದಕ್ಕೂ ಅಲ್ ಅಂತಲೇ ಬರೆಯುತ್ತಾರೆ.

ಬಿನ್ ಇಲ್ಲದ ಹೆಸರೂ ಇದೆ. ಈಜಿಪ್ಟಿನಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದಾರೆ, ಹೆಸರುಗಳನ್ನು ಸಾಲಾಗಿ ಜೋಡಿಸುತ್ತಾರೆ ಅಷ್ಟೇ. ಗಮಾಲ್ ಅಬ್ದೆಲ್ ನಾಸರ್ ಹುಸೇನ್. ಅವರು ಗಮಾಲ್, ತಂದೆ ಅಬ್ದೆಲ್ ನಾಸರ್, ಅಜ್ಜ ಹುಸೇನ್. ಜಗತ್ತು ಕರೆದದ್ದು ನಾಸರ್ ಅಂತ, ಅದು ಅವರ ಅಪ್ಪನ ಹೆಸರಿನ ಅರ್ಧ! ಇನ್ನು ಕೆಲವು ಕಡೆ ಹಿರಿಯನ ಹೆಸರಿಗೆ ಬಿನ್ ಅಂಟಿಕೊಂಡೇ ಮನೆತನದ ಹೆಸರಾಗಿಬಿಟ್ಟಿರುತ್ತದೆ. ಬಿನ್ ಲಾಡೆನ್ ಹಾಗೆ ಆದದ್ದು. ಒಸಾಮಾನ ಅಪ್ಪನ ಹೆಸರು ಲಾಡೆನ್ ಅಲ್ಲ, ಮೊಹಮ್ಮದ್.

ಇಷ್ಟೆಲ್ಲ ಕೇಳುವವರು ಹೆಂಗಸರ ಹೆಸರಿನ ಬಗ್ಗೆ ಒಂದು ಮಾತೂ ಕೇಳಲ್ಲ. ನನಗೆ ಬೇಕಾದ ಪ್ರಶ್ನೆ ಅದು. ನಮ್ಮ ಪಹಣಿಯಲ್ಲಿ ಗಂಡಸಿಗೆ ಬಿನ್, ಮದುವೆಯಾದ ಹೆಂಗಸಿಗೆ ಕೋಂ, ಅಂದರೆ ಇಂಥವನ ಹೆಂಡತಿ. ಮದುವೆಯಾದ ಕೂಡಲೇ ಅಪ್ಪನ ಹೆಸರು ಹೋಗಿ ಗಂಡನ ಹೆಸರು ಬಂತು. ಅರಬ್ಬಿಯಲ್ಲಿ ಕೋಂ ಇಲ್ಲ. ಅವಳಿಗೆ ಬಿಂತ್, ಅಂದರೆ ಮಗಳು. ಸಾಯುವವರೆಗೂ ಅದೇ. ಎಮಿರೇಟ್ಸ್ ಕಟ್ಟಿದ ಶೇಖ್ ಜಾಯೆದ್ ಬಿನ್ ಸುಲ್ತಾನ್ ಅವರ ಹೆಂಡತಿ ಶೇಖಾ ಫಾತಿಮಾ ಬಿಂತ್ ಮುಬಾರಕ್. ಅವರ ಮಗ, ಈಗಿನ ಅಧ್ಯಕ್ಷ, ಮೊಹಮ್ಮದ್ ಬಿನ್ ಜಾಯೆದ್. ಗಂಡ ಹೆಂಡತಿಯ ಹೆಸರಿನಲ್ಲಿ ಒಂದು ಪದವೂ ಸಮ ಇಲ್ಲ. ತಾಯಿ ಮಗನ ಹೆಸರಿನಲ್ಲೂ ಇಲ್ಲ. ಅಷ್ಟು ದೊಡ್ಡ ಮನೆಗೆ ಸೊಸೆಯಾಗಿ ಬಂದರೂ ಆಕೆ ಮುಬಾರಕ್ ಮಗಳಾಗಿಯೇ ಉಳಿದರು. ನನಗೆ ಇದು ತುಂಬ ಇಷ್ಟ, ಮುಚ್ಚಿಡಲ್ಲ.

ಹಾಗಂತ ಅಲ್ಲಿನ ಹೆಂಗಸರಿಗೆ ಎಲ್ಲದರಲ್ಲೂ ಹಕ್ಕು ಜಾಸ್ತಿ ಅಂತ ನಾನು ಹೇಳುತ್ತಿಲ್ಲ. ನಾನು ಹೇಳಿದ್ದು ಹೆಸರಿನ ವಿಷಯ. ನಿಮ್ಮ ಟೇಬಲ್‌ಗೆ ಒಬ್ಬ ಅರಬ್ ಮಗುವಿನ ಅರ್ಜಿ ಬಂದು, ತಾಯಿಯ ಹೆಸರು ತಂದೆ ಮಗುವಿನ ಹೆಸರಿಗೆ ಹೊಂದಲಿಲ್ಲ ಅಂದರೆ ಅನುಮಾನಪಟ್ಟು ವಾಪಸ್ ಕಳಿಸಬೇಡಿ. ಮಗುವಿನ ಹೆಸರಿನ ಎರಡನೇ ಭಾಗ ತಂದೆಯ ಸ್ವಂತ ಹೆಸರಿಗೆ ಕೂಡುತ್ತದಾ ನೋಡಿ. ತಾಯಿಯ ಹೆಸರನ್ನು ಅವರ ಪಾಸ್‌ಪೋರ್ಟ್‌ನ ಜೊತೆ ತಾಳೆ ನೋಡಿ, ಗಂಡನ ಹೆಸರಿನ ಜೊತೆ ಅಲ್ಲ. ಎದುರಿಗೆ ಬಂದು ಕೂತರೆ ಮಿಸೆಸ್ ಇಂಥವರು ಅಂತ ಗಂಡನ ಮನೆತನ ಹಿಡಿದು ಕರೆಯಬೇಡಿ. ಫಾತಿಮಾ ಮೇಡಂ ಅನ್ನಿ.