ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಯೇ?

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿದ ಮೇಲೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಸುತ್ತುತ್ತಿರುವ ಇಂಗ್ಲಿಷ್ ಸಂದೇಶವೊಂದನ್ನು, ದೊಡ್ಡಪ್ಪನವರು ಕೇಳಿದ್ದರಿಂದ, ಇಂದು ಕನ್ನಡಕ್ಕೆ ತಂದೆ. ಒಬ್ಬರೇ ಇರುವಾಗ ಹೃದಯಾಘಾತವಾದರೆ ಪ್ರಜ್ಞೆ ತಪ್ಪಲು 10 ಸೆಕೆಂಡುಗಳಷ್ಟೇ ಇರುತ್ತವೆ, ಅಷ್ಟರಲ್ಲಿ ಜೋರಾಗಿ ಕೆಮ್ಮುತ್ತಿದ್ದರೆ ಬದುಕಬಹುದು ಎಂಬುದು ಅದರ ಸಾರ. ‘ತಜ್ಞರು ಹೇಳುತ್ತಾರೆ’ ಎಂದಿದೆಯೇ ಹೊರತು ಯಾವ ತಜ್ಞರೆಂದಿಲ್ಲ. ಆ ಖಾಲಿ ಜಾಗವನ್ನು ನಾನೂ ತುಂಬಲಿಲ್ಲ. ವಾಕ್ಯಗಳನ್ನು ಇದ್ದಂತೆಯೇ ಇಟ್ಟು, ಸಂಶಯವಿರುವ ಕಡೆ ಚೌಕ ಕಂಸದಲ್ಲಿ ಟಿಪ್ಪಣಿ ಬರೆದೆ.

ಮುಖ್ಯ ಟಿಪ್ಪಣಿ ಹೀಗಿದೆ: [ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆಗ ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ; ಕೆಮ್ಮಿನಿಂದ ಆ ಕಟ್ಟು ಬಿಡುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುವುದು ಹೃದಯ ಸ್ತಂಭನದಲ್ಲಿ, ಅಂದರೆ ಹೃದಯ ರಕ್ತ ಹರಿಸುವುದನ್ನೇ ಏಕಾಏಕಿ ನಿಲ್ಲಿಸಿದಾಗ. ಸಂದೇಶ ಎರಡನ್ನೂ ಬೆರೆಸಿದೆ.] ಕೆಮ್ಮಿನ ಮಾತಿಗೂ ಒಂದು ಬೇರಿದೆ: ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಿರುವ ವೈದ್ಯರು, ಬಡಿತದ ಲಯ ಏಕಾಏಕಿ ತಪ್ಪಿದಾಗ, ಇನ್ನೂ ಎಚ್ಚರವಿರುವ ರೋಗಿಗೆ ಕೆಮ್ಮಲು ಹೇಳುವುದುಂಟು. ಯಾರೋ ಅದನ್ನು ಮನೆಮದ್ದಾಗಿಸಿದ್ದಾರೆ. ಎದೆಬಿಗಿತ, ತೋಳಿಗೂ ದವಡೆಗೂ ಹರಡುವ ನೋವು ಎಂಬ ಲಕ್ಷಣಗಳ ಸಾಲು ಸರಿಯಾಗಿಯೇ ಇದ್ದುದರಿಂದ ಅದನ್ನು ಮುಟ್ಟಲಿಲ್ಲ.

“ಇಷ್ಟೊಂದು ಕಂಸ ಯಾಕಪ್ಪಾ, ಓದೋಕೆ ಚೆನ್ನಾಗಿ ಮಾಡಿಕೊಡು” ಎಂದರು ದೊಡ್ಡಪ್ಪ. ಚೆನ್ನಾಗಿ ಓದಿಸಿಕೊಂಡರೆ, ತೋಟದ ಮನೆಯಲ್ಲಿ ಒಬ್ಬರೇ ಇರುವವರು 108ಕ್ಕೆ ಕರೆ ಮಾಡುವ ಬದಲು ಕೆಮ್ಮುತ್ತಾ ಕೂರಬಹುದು ಎಂದೆ. ಆಮೇಲೆ 108ರ ಸಾಲನ್ನು, ಅದು ಮೂಲದಲ್ಲಿಲ್ಲ ಎಂದು ತಿಳಿಸಿಯೇ, ಎಲ್ಲಕ್ಕಿಂತ ಮೇಲೆ ಸೇರಿಸಿ ಕಳುಹಿಸಿದೆ.