ಷರಾ ಕಾಲಮ್ಮಿಗೆ ಹತ್ತು ವಾಕ್ಯ

“ಮೇಡಂ, ನಲವತ್ತು ಮಕ್ಕಳ ಪ್ರಗತಿ ಪತ್ರ ತುಂಬಬೇಕು. ಷರಾ ಕಾಲಮ್ಮಿಗೆ ಒಂದು ಹತ್ತು ಒಳ್ಳೊಳ್ಳೆ ವಾಕ್ಯ ಕಳಿಸ್ತೀರಾ?”

ಕಳಿಸುವುದಿಲ್ಲ. ನನ್ನ ಬಳಿ ಅಂಥ ಹತ್ತು ವಾಕ್ಯಗಳಿಲ್ಲ ಎಂದಲ್ಲ. ಇದ್ದವು, ಒಂದು ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದೆ. “ಉತ್ತಮ, ಹೀಗೆಯೇ ಮುಂದುವರಿಯಲಿ”, “ಇನ್ನಷ್ಟು ಪರಿಶ್ರಮ ಬೇಕು”, “ಓದಿನಲ್ಲಿ ಆಸಕ್ತಿ ಕಡಿಮೆ”. ಮೊದಲನೆಯ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ವಾರದಲ್ಲಿ ಆ ಪುಟವನ್ನು ಎದುರಿಗೆ ತೆರೆದಿಟ್ಟುಕೊಂಡು, ಎ ಪ್ಲಸ್ ಬಂದವರಿಗೆ ಮೊದಲನೆಯದು, ಬಿ ಪ್ಲಸ್ ಬಂದವರಿಗೆ ಎರಡನೆಯದೋ ಮೂರನೆಯದೋ ಎಂದು ಇಸ್ಪೀಟೆಲೆ ಹಂಚಿದ ಹಾಗೆ ಹಂಚಿ, ಒಂದೇ ಮಧ್ಯಾಹ್ನದಲ್ಲಿ ಇಡೀ ತರಗತಿಯನ್ನು ಮುಗಿಸುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು ಎಂಬುದನ್ನು ಅಲ್ಲಗಳೆಯುವುದಿಲ್ಲ.

ಆಗ ನಾನಿದ್ದದ್ದು ದಾವಣಗೆರೆಯ ಹಳೇ ಊರಿನ ಒಂದು ಶಾಲೆಯಲ್ಲಿ, ನಾಲ್ಕನೆಯ ತರಗತಿಗೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರ ಮಗನೊಬ್ಬನಿದ್ದ. ಪ್ರಗತಿ ಪತ್ರ ಮನೆಗೆ ಹೋದ ಮರುದಿನ ಅವನ ತಾಯಿ, ಸೀರೆಯ ಸೆರಗಿಗೆ ಭಟ್ಟಿಯ ಬೂದಿ ಮೆತ್ತಿಕೊಂಡಿದ್ದ ಹಾಗೆಯೇ, ಬಾಗಿಲಿಗೆ ಬಂದು ನಿಂತರು. “ಟೀಚರ್, ನನ್ ಮಗನಿಗೆ ಅದೇನೋ ಆಸಕಿತ ಕಡಿಮೆ ಐತೆ ಅಂತ ಬರ್ದೀರಂತಲ್ರೀ. ಔಷಧಿ ಅಂಗಡೀಲಿ ಸಿಗ್ತೈತೇನ್ರೀ ಅದು? ದವಾಖಾನೆಗೇ ಹೋಗ್ಬೇಕಾ?”

ಆ ಮನೆಯಲ್ಲಿ ಓದು ಬಲ್ಲವರು ಬೇರೆ ಯಾರೂ ಇರಲಿಲ್ಲ. ಪ್ರಗತಿ ಪತ್ರವನ್ನು ತಂದೆತಾಯಿಗೆ ಓದಿ ಹೇಳಿದವನು ಆ ಹುಡುಗನೇ. ರಕ್ತ ಕಡಿಮೆ ಎಂದು ಚೀಟಿ ಬರೆದುಕೊಡುವುದನ್ನು ಕಂಡಿದ್ದ ಆ ತಾಯಿಗೆ ಆಸಕಿತ ಕಡಿಮೆ ಎಂಬುದು ಅಂಥದೇ ಇನ್ನೊಂದು ಕೊರತೆಯಾಗಿ ಕೇಳಿಸಿತು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಸಂಜೆ ಮನೆಗೆ ಹೋಗುವಾಗ ಮಾತ್ರ ಆ ತಪ್ಪು ಎಂಥದು ಎಂಬುದು ತಲೆಯಲ್ಲಿ ಸುತ್ತತೊಡಗಿತು. ಅವನು “ಆಸಕ್ತಿ”ಯನ್ನು “ಆಸಕಿ” ಎಂದಿರಲಿಲ್ಲ, ತಡವರಿಸಿ ಬಿಟ್ಟೂ ಇರಲಿಲ್ಲ. ಇದ್ದ ಎಲ್ಲ ದನಿಗಳನ್ನೂ ಹೇಳಿದ್ದ, ಆದರೆ ಕಣ್ಣಿಗೆ ಕಂಡ ಕ್ರಮದಲ್ಲಿ ಹೇಳಿದ್ದ.

ಕನ್ನಡದ ಒತ್ತಕ್ಷರದಲ್ಲಿ ಒಂದು ಮೋಸವಿದೆ, ದೊಡ್ಡವರಾದ ನಮಗೆ ಅದು ಮರೆತೇ ಹೋಗಿರುತ್ತದೆ. “ಕ್ತಿ” ಎಂದು ಬರೆಯುವಾಗ ಗುಡಿಸು ಕೂರುವುದು ಮೇಲಿನ ಕಕಾರದ ತಲೆಯ ಮೇಲೆ, ಆದರೆ ಅದರ ದನಿ ಸೇರುವುದು ಕೆಳಗಿನ ತಕಾರಕ್ಕೆ. “ಕ ಗುಡಿಸು ಕಿ” ಎಂದು ಬಳ್ಳಿಯನ್ನು ಸರಿಯಾಗಿ ಕಲಿತ ಮಗು ಕಲಿತದ್ದನ್ನೇ ನಂಬಿ ಮೊದಲು “ಕಿ” ಎನ್ನುತ್ತದೆ, ಆಮೇಲೆ ಕೆಳಗೆ ನೋಡಿ “ತ” ಸೇರಿಸುತ್ತದೆ. ಇದನ್ನು ಅಲಕ್ಷ್ಯವೆಂದು ಕರೆಯುವುದು ಅನ್ಯಾಯ.

ಮರುದಿನ ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಪಾಠಪುಸ್ತಕ ಬೇಡವೆಂದೆ, ಏಕೆಂದರೆ ತರಗತಿಯಲ್ಲಿ ಹತ್ತು ಸಲ ಕೇಳಿದ ಪಾಠವನ್ನು ಮಕ್ಕಳು ಬೆರಳಿಟ್ಟುಕೊಂಡೇ ಬಾಯಿಪಾಠ ಒಪ್ಪಿಸುತ್ತಾರೆ, ನಾವು ಓದಿದರೆಂದು ತಿಳಿಯುತ್ತೇವೆ. ಚಿತ್ರವಿಲ್ಲದ ಒಂದು ಚೀಟಿಯಲ್ಲಿ ಹನ್ನೆರಡು ಪದ ಬರೆದೆ. ಒತ್ತಿಲ್ಲದ ಮೂರು, ಅದೇ ಅಕ್ಷರದ ಒತ್ತಿರುವ “ಅಕ್ಕ”, “ಹಳ್ಳಿ”, “ಬಸ್ಸು”, ಬೇರೆ ಅಕ್ಷರದ ಒತ್ತಿದ್ದರೂ ಮೇಲೆ ಗುಡಿಸು ಕೊಂಬು ಯಾವುದೂ ಇಲ್ಲದ “ಪುಸ್ತಕ”, “ಚಕ್ರ”, “ವಸ್ತ್ರ”, ಕೊನೆಗೆ “ರಾತ್ರಿ”, “ಶಕ್ತಿ”, “ಕುಸ್ತಿ”. ಮೊದಲ ಎಂಟು ಪದ ತಡೆಯಿಲ್ಲದೆ ಬಂದವು. “ವಸ್ತ್ರ”ದಲ್ಲಿ ಎರಡು ಒತ್ತು ಕಂಡು ಸ್ವಲ್ಪ ನಿಂತು ಅದನ್ನೂ ಹೇಳಿದ. ಆಮೇಲೆ “ರಾತಿರ”, “ಶಕಿತ”. “ಕುಸ್ತಿ” ಅವನ ಬಾಯಲ್ಲಿ “ಕುಸಿತ”ವಾಯಿತು. ಗರಡಿ ಮನೆಗಳ ಊರಿನಲ್ಲಿ ಕುಸ್ತಿಗೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಾರದು. ಎಲ್ಲ ಸೇರಿ ಮೂರು ನಿಮಿಷವೂ ಹಿಡಿಯಲಿಲ್ಲ. ಇಡೀ ಅರ್ಧ ವರ್ಷ “ಆಸಕ್ತಿ ಕಡಿಮೆ” ಎಂದು ನಾನು ತಿಳಿದಿದ್ದ ಹುಡುಗನಿಗೆ ಬಾರದೆ ಇದ್ದದ್ದು ಒಂದೇ ಒಂದು ಬಗೆಯ ಅಕ್ಷರಜೋಡಣೆ, ಮತ್ತು ನಾನು ಅವನ ಬಗ್ಗೆ ಬರೆದ ಮಾತಿನಲ್ಲೇ ಅದು ಇತ್ತು.

ಆದ್ದರಿಂದ ನನ್ನನ್ನು ಕೇಳುವುದಾದರೆ ವಾಕ್ಯಗಳನ್ನು ಕೇಳಬೇಡಿ. ಷರಾವನ್ನು ಮನೆಯಲ್ಲಿ ಯಾರು ಓದುತ್ತಾರೆ ಎಂದು ಕೇಳಿ. ಈವರೆಗೆ ಯಾರೂ ಕೇಳಿಲ್ಲ. ನನ್ನ ತರಗತಿಗಳ ಮಟ್ಟಿಗೆ ಉತ್ತರ ಹೀಗಿದೆ: ಕೆಲವು ಮನೆಗಳಲ್ಲಿ ತಾಯಿ, ಕೆಲವಲ್ಲಿ ಪಕ್ಕದ ಮನೆಯವರು, ಬಹಳಷ್ಟು ಮನೆಗಳಲ್ಲಿ ಅಕ್ಕನೋ ಅಣ್ಣನೋ ಅಥವಾ ಆ ಮಗುವೇ. ಒಂಬತ್ತು ವರ್ಷದ ಮಗು ತನ್ನ ಮೇಲಿನ ತೀರ್ಪನ್ನು ತಾನೇ ಗಟ್ಟಿಯಾಗಿ ಓದಿ ಹೇಳಬೇಕಾದ ಆ ಗಳಿಗೆಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಂಡರೆ “ಗಮನ ಕೊಡುವುದಿಲ್ಲ”, “ಅಕ್ಕನಷ್ಟು ಚುರುಕಿಲ್ಲ” ಎಂಬಂಥವು ಪೆನ್ನಿಗೆ ಬರುವುದೇ ಇಲ್ಲ. “ಜಾಣ ಹುಡುಗ” ಎಂಬ ಸುಳ್ಳೂ ಬರುವುದಿಲ್ಲ, ಏಕೆಂದರೆ ಅದು ಸುಳ್ಳೆಂದು ಓದುತ್ತಿರುವವನಿಗೇ ಗೊತ್ತಿರುತ್ತದೆ. ಆಸಕ್ತಿ, ಗಮನ, ಶ್ರದ್ಧೆ ಇವು ಕಣ್ಣಿಗೆ ಕಾಣುವುದಿಲ್ಲ. ಕಂಡದ್ದರಿಂದ ನಾವು ಊಹಿಸುವಂಥವು. ಕಂಡದ್ದನ್ನು ಬರೆದರೆ ಸಾಕು, ಊಹೆಯನ್ನು ನಮ್ಮಲ್ಲೇ ಇಟ್ಟುಕೊಳ್ಳಬಹುದು.

ಆ ಹುಡುಗನ ಪತ್ರಕ್ಕೆ ಒಂದು ಚೀಟಿ ಅಂಟಿಸಿ ಕಳಿಸಿದೆ, ಷರಾ ಕಾಲಮ್ಮಿನ ಒಂದೂವರೆ ಗೆರೆಯಲ್ಲಿ ಹಿಡಿಸುವಂತಿರಲಿಲ್ಲ. “ಹೊಸ ಪದಗಳನ್ನೂ ತಾನೇ ಓದುತ್ತಾನೆ. ‘ಹಳ್ಳಿ’, ‘ಪುಸ್ತಕ’ ಸರಾಗವಾಗಿ ಬರುತ್ತವೆ. ‘ರಾತ್ರಿ’ಯನ್ನು ‘ರಾತಿರ’ ಎನ್ನುತ್ತಾನೆ, ಶಾಲೆಯಲ್ಲಿ ಕಲಿಸುತ್ತಿದ್ದೇವೆ. ಮನೆಯಲ್ಲಿ ದಿನಾ ಐದು ಪದ ಓದಿಸಿ. ಕೇಳದ ಪದ ಕಿವಿಗೆ ಬಿದ್ದರೆ ‘ಮತ್ತೆ ನೋಡು’ ಎನ್ನಿ, ಸಾಕು.” ಈ ಕೊನೆಯ ಮಾತು ತಾಯಿಗಾಗಿ. ಅವರಿಗೆ ಅಕ್ಷರ ಬಾರದಿದ್ದರೂ ಕನ್ನಡ ಬರುತ್ತದೆ. “ರಾತಿರ” ತಪ್ಪೆಂದು ಹೇಳಲು ಕಿವಿ ಸಾಕು. ಚೀಟಿಯಲ್ಲಿ “ಪ್ರಯತ್ನಿಸಬೇಕು”, “ಉಚ್ಚಾರಣಾ ಶುದ್ಧಿ” ಎಂಬಂಥ ಪದಗಳನ್ನು ಬೇಕೆಂದೇ ತಪ್ಪಿಸಿದೆ. “ರಾತ್ರಿ” ಒಂದನ್ನು ಬಿಟ್ಟರೆ ಅವನಿಗೆ ಎಡವಲು ಅದರಲ್ಲಿ ಏನೂ ಇರಲಿಲ್ಲ.

“ಕಲಿಸುತ್ತಿದ್ದೇವೆ” ಎಂದು ಬರೆದ ಮೇಲೆ ಕಲಿಸಬೇಕಾಯಿತು. ಪದವನ್ನು ಮೊದಲು ಬಾಯಲ್ಲಿ ಹೇಳಿಸಿ, “ರಾ”, “ತ್”, “ರಿ” ಎಂದು ಬಿಡಿಸಿ ಬರೆಸಿ, ಆಮೇಲೆ ಕೂಡಿಸಿ ಬರೆದು, ಕೆಳಗಿನ ಒತ್ತಿನಿಂದ ಮೇಲಿನ ಗುಡಿಸಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಬಾಣ ಎಳೆಸುತ್ತಿದ್ದೆ. ಅದೇ ಬಗೆಯ ಇನ್ನೂ ನಾಲ್ವರು ತರಗತಿಯಲ್ಲಿ ಸಿಕ್ಕರು, ಐವರನ್ನೂ ಒಟ್ಟಿಗೆ ಕೂರಿಸಿದೆ.

ನಲವತ್ತು ಮಕ್ಕಳಿಗೂ ಹೀಗೆ ಬರೆಯಲು ಸಮಯವೆಲ್ಲಿ ಎನ್ನುವಿರಿ. ಎಲ್ಲ ವಿಷಯಕ್ಕೂ ಬರೆಯುವುದಿಲ್ಲ. ಒಂದು ಮಗುವಿಗೆ ಒಂದು ಸಂಗತಿ, ಅಷ್ಟೇ. ದಿನಕ್ಕೆ ನಾಲ್ಕು ಮಕ್ಕಳ ಓದು ಕೇಳಿ ಆಗಲೇ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಗುರುತು ಹಾಕಿಕೊಂಡರೆ ಹತ್ತು ಶಾಲಾ ದಿನಗಳಲ್ಲಿ ಮುಗಿಯುತ್ತದೆ. ಪತ್ರ ತುಂಬುವ ಮಧ್ಯಾಹ್ನ ಕೂತು ನೆನಪಿಸಿಕೊಳ್ಳಲು ಹೋದರೆ ಗಲಾಟೆ ಮಾಡುವ ಐವರು, ಮುಂದಿನ ಸಾಲಿನ ಐವರು ಬಿಟ್ಟರೆ ಯಾರೂ ನೆನಪಾಗುವುದಿಲ್ಲ, ಆಗಲೇ ನನ್ನ ಹತ್ತು ವಾಕ್ಯಗಳು ಬೇಕಾಗುವುದು.

ವರ್ಷದ ಕೊನೆಗೂ ಆ ಹುಡುಗನಿಗೆ ಬಂದದ್ದು ಬಿ ಪ್ಲಸ್ಸೇ. ಬಿ ಪ್ಲಸ್ ಎಂದರೆ ಐವತ್ತರಿಂದ ಅರವತ್ತೊಂಬತ್ತು, ಅದರೊಳಗೆ ಅವನು ಎಷ್ಟು ಮುಂದೆ ಬಂದರೂ ಪತ್ರದಲ್ಲಿ ಕಾಣುವುದಿಲ್ಲ. ಷರಾದಲ್ಲಿ ಬರೆದೆ: “‘ರಾತ್ರಿ’, ‘ಶಕ್ತಿ’ ಈಗ ಸರಿಯಾಗಿ ಓದುತ್ತಾನೆ. ‘ಸೂರ್ಯ’ನನ್ನು ಇನ್ನೂ ‘ಸೂಯರ’ ಎನ್ನುತ್ತಾನೆ.” ಪತ್ರ ಕೊಡುವ ದಿನ ತಾಯಿಯ ಎದುರಿಗೇ ಅವನಿಂದ ಓದಿಸಿದೆ. ಎರಡನೆಯ ವಾಕ್ಯಕ್ಕೆ ಬಂದು, “ಸೂಯರನನ್ನು ಇನ್ನೂ ಸೂಯರ ಎನ್ನುತ್ತಾನೆ” ಎಂದು ಓದಿ, ಇದರಲ್ಲಿ ತಪ್ಪೇನಿದೆ ಎಂಬಂತೆ ನನ್ನ ಮುಖ ನೋಡಿದ. ತಾಯಿ ಮಾತ್ರ, “ಏ, ಮತ್ತೆ ನೋಡೋ” ಎಂದರು.